ಕುಳ್ಳನಿಗೆ ಬೆಟ್ಟಯ್ಯ ಎಂಬ ಹೆಸರು: ಉಲ್ಟಾ ಹೆಸರಿನ ನಗೆಯನ್ನು ಕತೆಯುದ್ದಕ್ಕೂ ಉಳಿಸಿಕೊಳ್ಳುವುದು ಹೇಗೆ

ಕತೆಯಲ್ಲಿ ಒಬ್ಬ ಕುಳ್ಳ ಮನುಷ್ಯನಿದ್ದಾನೆ. ಅವನ ಹೆಸರು ಬೆಟ್ಟಯ್ಯ. ಓದುವವರು ಒಮ್ಮೆ ನಗುತ್ತಾರೆ. ಎರಡನೇ ಪುಟದಲ್ಲಿ ಅದೇ ಹೆಸರು ಬಂದಾಗ ನಗುವುದಿಲ್ಲ. ಮೂರನೇ ಪುಟದ ಹೊತ್ತಿಗೆ ಅದು ಬರೀ ಹೆಸರಾಗಿರುತ್ತದೆ. ಆಮೇಲೆ ಲೇಖಕ ಅದನ್ನು ಮತ್ತೆ ಮತ್ತೆ ನೆನಪಿಸಲು ಹೋದರೆ ಕಿರಿಕಿರಿಯಾಗುತ್ತದೆ.

ಗುಣಕ್ಕೋ ಆಕಾರಕ್ಕೋ ಪೂರ್ತಿ ವಿರುದ್ಧವಾದ ಹೆಸರಿಡುವುದು ನಗೆಬರಹದ ತುಂಬಾ ಹಳೆಯ ಉಪಾಯ. ಹೆಸರು ಹುಡುಕುವುದು ಅದರಲ್ಲಿ ಸುಲಭದ ಕೆಲಸ. ಆ ಹೆಸರು ಎರಡನೇ ಸಲ, ಐದನೇ ಸಲ ಬಂದಾಗಲೂ ಏನಾದರೂ ಮಾಡುವಂತೆ ಕತೆ ಕಟ್ಟುವುದೇ ಕಷ್ಟ. ಈ ಬರಹ ಆ ಕಷ್ಟದ ಭಾಗದ ಬಗ್ಗೆ. ಮೊದಲಿನಿಂದ ಕೊನೆಯವರೆಗೆ ಬೆಟ್ಟಯ್ಯನನ್ನೇ ಇಟ್ಟುಕೊಂಡು ಹೋಗೋಣ.

ಮೊದಲ ಹೆಜ್ಜೆ: ಕಣ್ಣಿಗೆ ಕಾಣುವ ವಿರೋಧವೋ, ನಡತೆಯ ವಿರೋಧವೋ?

ಮೌನೇಶ ಎಂಬವನು ಬಾಯಿ ಮುಚ್ಚದ ಮಾತುಗಾರ. ಸತ್ಯಮೂರ್ತಿ ಎಂಬವನು ಸುಳ್ಳುಗಾರ. ಇವು ನಡತೆಯ ವಿರೋಧಗಳು. ಬೆಟ್ಟಯ್ಯ ಕುಳ್ಳ ಎಂಬುದು ಕಣ್ಣಿಗೆ ಕಾಣುವ ವಿರೋಧ. ಎರಡೂ ಒಂದೇ ಜಾತಿಯ ತಮಾಷೆ ಅನ್ನಿಸಬಹುದು. ಆದರೆ ಕತೆಯೊಳಗೆ ಇವುಗಳ ಆಯಸ್ಸು ಬೇರೆ ಬೇರೆ.

ಮೌನೇಶ ಬಾಯಿ ತೆರೆದಾಗಲೆಲ್ಲ ಅವನ ಹೆಸರು ತಾನಾಗಿಯೇ ಕೆಲಸ ಮಾಡುತ್ತದೆ. ಅವನು ಇವತ್ತು ಒಂದು ಮಾತಾಡಿದರೆ ನಾಳೆ ಇನ್ನೊಂದು ಮಾತಾಡುತ್ತಾನೆ. ಅಂದರೆ ಪ್ರತಿ ಸಲವೂ ಹೊಸ ಸರಕು ಸಿಗುತ್ತದೆ. ಬೆಟ್ಟಯ್ಯನ ಎತ್ತರ ಹಾಗಲ್ಲ. ಮೊದಲ ಸಲ ನೋಡಿದಾಗ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ನಗೆ ತಕ್ಷಣ ಸಿಗುತ್ತದೆ, ತಕ್ಷಣ ಮುಗಿಯುತ್ತದೆ.

ಆದ್ದರಿಂದ ನೀವು ದೇಹದ ವಿರೋಧವನ್ನು ಆರಿಸಿಕೊಂಡರೆ ಒಂದು ಕೆಲಸ ಹೆಚ್ಚಿಗೆ ಬೀಳುತ್ತದೆ. ಅವನನ್ನು ಮೊದಲ ಸಲ ನೋಡುವ ಜನ ಕತೆಯಲ್ಲಿ ಬರುತ್ತಲೇ ಇರಬೇಕು. ಅದಕ್ಕೆ ಅವನಿಗೆ ತಕ್ಕ ಕೆಲಸ ಕೊಡಿ. ನಾಲ್ಕು ಗೋಡೆಯೊಳಗೆ ಅದೇ ನಾಲ್ಕು ಜನರ ಜೊತೆ ಕೂರುವ ಗುಮಾಸ್ತನಾದರೆ ಬೆಟ್ಟಯ್ಯ ಎರಡೇ ದಿನಕ್ಕೆ ಹಳಬನಾಗುತ್ತಾನೆ. ದಿನಾ ಹೊಸ ಮನೆಗೆ ಹೋಗುವ ಕೆಲಸದವನಾದರೆ ದಿನಾ ಒಂದು ಹೊಸ ಬಾಗಿಲು ತೆರೆಯುತ್ತದೆ. ನಾನು ಅವನನ್ನು ಮನೆಸಾಮಾನು ಸಾಗಿಸುವ ತಂಡಕ್ಕೆ ಸೇರಿಸುತ್ತೇನೆ. ಅಲ್ಲಿ ಗಾತ್ರಕ್ಕೆ ಬೆಲೆಯಿದೆ. ಗಿರಾಕಿಗಳು ಹೆಸರನ್ನು ಮೊದಲು ಫೋನಿನಲ್ಲಿ ಕೇಳುತ್ತಾರೆ, ಆಳನ್ನು ಆಮೇಲೆ ನೋಡುತ್ತಾರೆ. ಈ ಎರಡರ ನಡುವಿನ ಹೊತ್ತೇ ನಮ್ಮ ಬಂಡವಾಳ.

ಎರಡನೇ ಹೆಜ್ಜೆ: ಹೆಸರು ಕೊಟ್ಟವರು ಯಾರು ಎಂದು ನಿರ್ಧರಿಸಿ

ಇದನ್ನು ಕತೆಯಲ್ಲಿ ಬರೆಯಬೇಕಾಗಿಲ್ಲ, ಆದರೆ ನಿಮಗೆ ಗೊತ್ತಿರಬೇಕು. ಹೆಸರು ಬರುವುದು ಎರಡು ದಾರಿಯಲ್ಲಿ. ಒಂದು, ತೊಟ್ಟಿಲಲ್ಲಿ ಇಟ್ಟ ಹೆಸರು. ಇನ್ನೊಂದು, ಜೊತೆಯವರು ಅಂಟಿಸಿದ ಅಡ್ಡಹೆಸರು.

ತೊಟ್ಟಿಲ ಹೆಸರನ್ನು ಇಟ್ಟವರಿಗೆ ಮಗು ಎಷ್ಟು ಬೆಳೆಯುತ್ತದೆ ಎಂದು ಗೊತ್ತಿರಲಿಲ್ಲ. ಅಲ್ಲಿ ಯಾರ ತಪ್ಪೂ ಇಲ್ಲ. ಬೆಟ್ಟಯ್ಯನೂ ಅದನ್ನು ತನ್ನ ಹೆಸರೆಂದೇ ನಂಬಿರುತ್ತಾನೆ, ಯಾರಾದರೂ ಕೇಳಿದರೆ ಅಷ್ಟೇ ಸಹಜವಾಗಿ ಹೇಳುತ್ತಾನೆ. ಅಡ್ಡಹೆಸರಿನ ಲೆಕ್ಕವೇ ಬೇರೆ. ಅವನನ್ನು ಕಣ್ಣಾರೆ ನೋಡಿದವರೊಬ್ಬರು ಬೇಕೆಂದೇ ಇಟ್ಟದ್ದು ಅದು. ಹಾಗಾಗಿ ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನು ಸ್ನೇಹಿತನೋ, ಮೇಲಿನವನೋ, ಕಾಡುವವನೋ ಎಂಬುದರ ಮೇಲೆ ಆ ಹೆಸರಿನ ರುಚಿ ಬದಲಾಗುತ್ತದೆ.

ಅಡ್ಡಹೆಸರಿನ ಬಳಕೆಗೆ ಹೆಸರಾದ ಉದಾಹರಣೆ ರಾಬಿನ್ ಹುಡ್‌ನ ಲಾವಣಿಗಳಲ್ಲಿದೆ. ಅಲ್ಲಿ ಲಿಟಲ್ ಜಾನ್, ಅಂದರೆ ಪುಟ್ಟ ಜಾನ್ ಎನ್ನಿಸಿಕೊಳ್ಳುವವನು ಏಳಡಿ ಎತ್ತರದ ಆಳು. ಅವನ ನಿಜವಾದ ಹೆಸರು ಜಾನ್ ಲಿಟಲ್. ತಂಡಕ್ಕೆ ಸೇರಿದ ದಿನ ಗೆಳೆಯರು ಮಗುವಿಗೆ ನಾಮಕರಣ ಮಾಡುವಂತೆ ನಟಿಸಿ, ಹೆಸರಿನ ಎರಡು ಭಾಗಗಳನ್ನು ಹಿಂದೆ ಮುಂದೆ ಮಾಡುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಇದು: ಆ ಹೆಸರು ಅವನನ್ನು ಒಳಗೆ ಸೇರಿಸಿಕೊಂಡ ಗುರುತು. ಹೆಸರು ಕೊಟ್ಟವರು ಅವನ ಪಕ್ಕದಲ್ಲಿ ನಿಂತು ಬಿಲ್ಲು ಹಿಡಿಯುವವರು. ಹಾಗಾಗಿ ನಾವು ಅವನ ಜೊತೆ ನಗುತ್ತೇವೆ.

ಆಸ್ಟ್ರೇಲಿಯಾದಲ್ಲಿ ಕೆಂಪು ಕೂದಲಿನವರನ್ನು ಬ್ಲೂಯಿ, ಅಂದರೆ ನೀಲಿ ಎಂದು ಕರೆಯುವ ರೂಢಿ ಇತ್ತು. ಇಂಗ್ಲಿಷ್ ಮಾತಾಡುವ ಕಡೆ ಬೋಳುತಲೆಯವನನ್ನು ಗುಂಗುರು ಕೂದಲಿನವನು ಎನ್ನುವುದೂ ಉಂಟು. ಇಂಥ ಹೆಸರು ಅಂಟಿಸಲು ಸುತ್ತ ಒಂದು ಗುಂಪು ಬೇಕು. ಅಡ್ಡಹೆಸರಿನ ಪಾತ್ರ ಬರೆಯುವಾಗ ಅವನ ಸುತ್ತ ಅಂಥ ಗುಂಪು ಇರಲಿ. ಒಂಟಿ ಮನುಷ್ಯನಿಗೆ ಅಡ್ಡಹೆಸರು ಎಲ್ಲಿಂದ ಬರಬೇಕು?

ನಮ್ಮ ಬೆಟ್ಟಯ್ಯನಿಗೆ ತೊಟ್ಟಿಲ ಹೆಸರೇ ಇರಲಿ. ಕಾರಣ ಮುಂದೆ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಹೆಸರಿನ ದನಿ ಎಷ್ಟು ಜೋರಿರಬೇಕು?

ಕುಳ್ಳನಿಗೆ ಇಡಬಹುದಾದ ಮೂರು ಹೆಸರು ನೋಡಿ: ಘಟೋತ್ಕಚ, ಭೀಮಣ್ಣ, ಬೆಟ್ಟಯ್ಯ. ಘಟೋತ್ಕಚ ಎಂದರೆ ಓದುವವರಿಗೆ ಲೇಖಕನ ಕೈ ಕಾಣುತ್ತದೆ. ಮಗನಿಗೆ ಆ ಹೆಸರು ಯಾರಿಡುತ್ತಾರೆ? ಅದು ಅಡ್ಡಹೆಸರಾಗಿ ನಡೆಯಬಹುದು, ಒಂದೆರಡು ಪುಟದ ನಗೆಹನಿಗೆ ಸರಿಹೋಗಬಹುದು. ಭೀಮಣ್ಣ ನಡುವಿನದು. ಸುತ್ತಮುತ್ತ ಕೇಳಿದ ಹೆಸರೇ, ಆದರೆ ಕೇಳಿದ ಕೂಡಲೇ ಗದೆ ಹಿಡಿದ ಆಕಾರ ಕಣ್ಣ ಮುಂದೆ ಬರುತ್ತದೆ. ಬೆಟ್ಟಯ್ಯ ಎಲ್ಲಕ್ಕಿಂತ ಮೆತ್ತಗಿನದು. ನಿಜವಾಗಿ ಇರುವ ಹೆಸರು. ಅದರೊಳಗೆ ಬೆಟ್ಟ ಇದೆ ಎಂದು ನಾವು ದಿನಾ ಯೋಚಿಸುವುದಿಲ್ಲ. ಪಕ್ಕದಲ್ಲಿ ಆ ಪುಟ್ಟ ದೇಹ ಬಂದು ನಿಂತಾಗ ಮಾತ್ರ ಬೆಟ್ಟ ಎದ್ದು ಕಾಣುತ್ತದೆ.

ಕತೆ ಉದ್ದವಾದಷ್ಟೂ ಹೆಸರು ಮೆತ್ತಗಿರಲಿ. ಮೆತ್ತಗಿನ ಹೆಸರನ್ನು ಓದುವವರು ತಾವೇ ಕಂಡುಹಿಡಿಯುತ್ತಾರೆ. ತಾವೇ ಕಂಡುಹಿಡಿದದ್ದಕ್ಕೆ ನಗು ಜಾಸ್ತಿ. ಜೋರಾದ ಹೆಸರನ್ನು ನೀವು ಅವರ ಕೈಗೆ ತುರುಕುತ್ತೀರಿ.

ಇನ್ನೊಂದು ಮಾತು. ಇಡೀ ಕತೆಯಲ್ಲಿ ಇಂಥ ಹೆಸರು ಒಂದೇ ಇರಲಿ. ಬೆಟ್ಟಯ್ಯನ ಹೆಂಡತಿ ಜಗಳಗಂಟಿ ಶಾಂತಮ್ಮ, ಯಜಮಾನ ಮೋಸಗಾರ ಧರ್ಮರಾಜ, ಪಕ್ಕದ ಮನೆಯವನು ಬಡವ ಲಕ್ಷ್ಮೀಪತಿ ಎಂದು ಶುರುಮಾಡಿದರೆ ಮೂರನೇ ಹೆಸರಿಗೇ ಸೂತ್ರ ಗೊತ್ತಾಗುತ್ತದೆ. ನಾಲ್ಕನೆಯವನ ಹೆಸರು ಕೇಳಿದ ತಕ್ಷಣ ಅವನ ಗುಣ ಊಹಿಸಬಹುದು. ಆಗ ಅವರು ಮನುಷ್ಯರಾಗಿ ಉಳಿಯುವುದಿಲ್ಲ, ಚೀಟಿ ಅಂಟಿಸಿದ ಡಬ್ಬಗಳಾಗುತ್ತಾರೆ.

ಸಾಲಾಗಿ ಇಟ್ಟು ಗೆದ್ದ ಕತೆಯೂ ಇದೆ. ಪಾಲಿ ಭಾಷೆಯ ಜಾತಕ ಕತೆಗಳಲ್ಲಿ ನಾಮಸಿದ್ಧಿ ಜಾತಕ ಎಂಬುದು ಅದು. ತನ್ನ ಹೆಸರು ಪಾಪಕ ಎಂದು ಬೇಸರಪಟ್ಟ ಶಿಷ್ಯನೊಬ್ಬ ಒಳ್ಳೆಯ ಹೆಸರು ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಹೆಣ ಹೊತ್ತು ಹೋಗುತ್ತಿರುತ್ತಾರೆ. ಸತ್ತವನ ಹೆಸರು ಜೀವಕ. ಮುಂದೆ ಒಬ್ಬ ದಾಸಿಯನ್ನು ಕೂಲಿ ತರಲಿಲ್ಲವೆಂದು ಹೊಡೆಯುತ್ತಿರುತ್ತಾರೆ. ಅವಳ ಹೆಸರು ಧನಪಾಲಿ. ಇನ್ನೂ ಮುಂದೆ ದಾರಿ ತಪ್ಪಿ ಅಲೆಯುವವನೊಬ್ಬ ಸಿಗುತ್ತಾನೆ. ಅವನ ಹೆಸರು ಪಂಥಕ, ಅಂದರೆ ದಾರಿ ಬಲ್ಲವನು. ಶಿಷ್ಯ ಹಳೆಯ ಹೆಸರಿನಲ್ಲೇ ಸಮಾಧಾನಪಟ್ಟು ವಾಪಸಾಗುತ್ತಾನೆ. ಇಲ್ಲಿ ಸಾಲು ನಡೆಯುವುದಕ್ಕೆ ಕಾರಣ, ಕತೆಯ ವಿಷಯವೇ ಹೆಸರು. ಆ ಮೂವರೂ ಒಂದೊಂದೇ ಸಲ ಬಂದು ಹೋಗುತ್ತಾರೆ. ಯಾರನ್ನೂ ನಾವು ದಿನಗಟ್ಟಲೆ ಹಿಂಬಾಲಿಸಬೇಕಿಲ್ಲ.

ಈ ಕತೆಯಿಂದ ಕಲಿಯಬೇಕಾದ ಇನ್ನೊಂದು ದೊಡ್ಡ ವಿಷಯವಿದೆ. "ಜೀವಕನೂ ಸಾಯುತ್ತಾನೆಯೇ?" ಎಂದು ಶಿಷ್ಯ ಬೆರಗಾದಾಗ ಹೆಣ ಹೊತ್ತವರು ನಗುವುದಿಲ್ಲ. ಹೆಸರು ಬರೀ ಗುರುತಿಗೆ, ಇಷ್ಟೂ ತಿಳಿಯದ ದಡ್ಡನೇ ನೀನು ಎನ್ನುತ್ತಾರೆ. ಹೆಸರಿನಲ್ಲಿ ವಿಚಿತ್ರ ಕಾಣುವವನು ಒಬ್ಬನೇ. ಉಳಿದವರಿಗೆ ಅದು ಮಾಮೂಲು. ನನ್ನ ಪ್ರಕಾರ ಉಲ್ಟಾ ಹೆಸರಿನ ನಗೆಗೆ ಇದೇ ಬುನಾದಿ.

ನಾಲ್ಕನೇ ಹೆಜ್ಜೆ: ಕತೆಯೊಳಗೆ ಯಾರೂ ನಗದಂತೆ ನೋಡಿಕೊಳ್ಳಿ

ಮೊದಲ ಕರಡಿನಲ್ಲಿ ಬೆಟ್ಟಯ್ಯನ ಪ್ರವೇಶ ಹೆಚ್ಚಾಗಿ ಹೀಗೆ ಬರುತ್ತದೆ:

> ಬಾಗಿಲು ತೆರೆದ ಸರೋಜಮ್ಮ ಬೆಚ್ಚಿಬಿದ್ದರು. ಎದುರಿಗೆ ಒಬ್ಬ ಕುಳ್ಳ ನಿಂತಿದ್ದ. "ನಾನೇ ಬೆಟ್ಟಯ್ಯ" ಎಂದ. ಹೆಸರು ಬೆಟ್ಟಯ್ಯ, ಆಳು ನೋಡಿದರೆ ಇರುವೆ! ಸರೋಜಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇದರಲ್ಲಿ ಮೂರು ತೊಂದರೆಗಳಿವೆ. ಹೆಸರೂ ಆಕಾರವೂ ಒಟ್ಟಿಗೇ ಬಂದುಬಿಟ್ಟವು. ಹಾಗಾಗಿ ಓದುವವರಿಗೆ ಏನನ್ನೂ ಊಹಿಸಿಕೊಳ್ಳುವ ಹೊತ್ತು ಸಿಗಲಿಲ್ಲ. ಊಹೆ ಇಲ್ಲದಿದ್ದರೆ ಅದು ಮುರಿಯುವುದೂ ಇಲ್ಲ. ಎರಡನೆಯದು, "ಹೆಸರು ಬೆಟ್ಟಯ್ಯ, ಆಳು ನೋಡಿದರೆ ಇರುವೆ" ಎಂದು ಲೇಖಕನೇ ಬಿಡಿಸಿ ಹೇಳಿದ್ದಾನೆ. ಓದುವವರು ಮಾಡಬೇಕಾದ ಕೆಲಸವನ್ನು ಅವರಿಂದ ಕಿತ್ತುಕೊಂಡಂತಾಯಿತು. ಮೂರನೆಯದು, ಸರೋಜಮ್ಮ ನಕ್ಕುಬಿಟ್ಟರು. ಪಾತ್ರ ನಕ್ಕರೆ ಓದುವವರ ಪಾಲಿನ ನಗು ಖರ್ಚಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬೆಟ್ಟಯ್ಯ ಈಗ ಅವಮಾನಪಟ್ಟು ಬಾಗಿಲಲ್ಲಿ ನಿಂತಿದ್ದಾನೆ. ಮುಂದಿನ ಸಾಲಿನಲ್ಲಿ ನೀವು ಅವನ ನೋವಿಗೆ ಉತ್ತರ ಕೊಡಬೇಕು. ಇಲ್ಲದಿದ್ದರೆ ಕತೆ ಕಲ್ಲೆದೆಯದಾಗುತ್ತದೆ.

ಈಗ ಅದನ್ನೇ ಬಿಚ್ಚಿ ಮತ್ತೆ ಕಟ್ಟೋಣ. ಹೆಸರು ಮೊದಲು, ಆಳು ಆಮೇಲೆ. ನಡುವೆ ಹೆಸರಿನ ಬಲದಿಂದ ಏನಾದರೂ ನಡೆಯಬೇಕು.

> "ಬೀರು ತುಂಬಾ ಭಾರ ಕಣಪ್ಪ. ಕಬ್ಬಿಣದ್ದು, ಮೂರನೇ ಮಹಡಿ ಬೇರೆ. ಹೋದ ಸಲ ನಾಲ್ಕು ಜನ ಬಂದು ಅಲ್ಲಾಡಿಸೋಕೂ ಆಗದೆ ಹೋದ್ರು."
>
> "ಬೆಟ್ಟಯ್ಯನ್ನ ಕಳಿಸ್ತೀನಿ ಅಮ್ಮ."
>
> "ಅವನೊಬ್ಬ ಸಾಕಾ?"
>
> "ಜೊತೆಗೆ ಇನ್ನೂ ಮೂವರು ಬರ್ತಾರೆ. ಆದರೆ ಬೆಟ್ಟಯ್ಯ ಬಂದ್ರೆ ಬೀರು ಕೆಳಗಿಳೀತು ಅಂತಾನೇ ತಿಳ್ಕೊಳ್ಳಿ."
>
> ಸರೋಜಮ್ಮ ಮೆಟ್ಟಿಲ ಮೇಲಿದ್ದ ಹೂಕುಂಡಗಳನ್ನು ಒಂದೊಂದಾಗಿ ಒಳಗಿಟ್ಟರು. ಬಾಗಿಲ ಪರದೆ ಬಿಚ್ಚಿದರು. ಹಜಾರದ ಪ್ಲಾಸ್ಟಿಕ್ ಕುರ್ಚಿಯನ್ನು ಒಮ್ಮೆ ಒತ್ತಿ ನೋಡಿ, ಅದನ್ನು ಕೋಣೆಗೆ ಸಾಗಿಸಿ, ತೇಗದ ಕುರ್ಚಿಯನ್ನು ಎಳೆದು ತಂದು ಹಾಕಿದರು.

ಈ ಕೊನೆಯ ತುಣುಕಿನ ಮೇಲೆ ಎಷ್ಟು ಶ್ರಮ ಹಾಕಿದರೂ ಕಡಿಮೆಯೇ. ಬೆಟ್ಟಯ್ಯ ಇನ್ನೂ ಬಂದಿಲ್ಲ, ಆದರೆ ಅವನ ಹೆಸರು ಬಂದು ಮನೆಯ ಸಾಮಾನನ್ನೆಲ್ಲ ಸರಿಸಿದೆ. ಕುರ್ಚಿ ಒತ್ತಿ ನೋಡುವ ಸರೋಜಮ್ಮ ಎಂಥ ದೇಹವನ್ನು ಊಹಿಸಿಕೊಂಡಿದ್ದಾರೆ ಎಂಬುದು ಒಂದೂ ವಿಶೇಷಣವಿಲ್ಲದೆ ಗೊತ್ತಾಗುತ್ತದೆ. "ದೈತ್ಯ ಬರಬಹುದು ಎಂದು ಅವರು ಅಂದುಕೊಂಡರು" ಎಂದು ಬರೆದಿದ್ದರೆ ಇದರಲ್ಲಿ ಅರ್ಧದಷ್ಟೂ ಸಿಗುತ್ತಿರಲಿಲ್ಲ. ಊಹೆಯನ್ನು ಕೆಲಸವಾಗಿ ತೋರಿಸಿ. ಆ ಕೆಲಸದ ಗುರುತು ಮುಂದಿನ ದೃಶ್ಯದಲ್ಲೂ ಉಳಿಯಬೇಕು. ಇಲ್ಲಿ ತೇಗದ ಕುರ್ಚಿ ಹಾಗೆ ಉಳಿದಿದೆ.

> ನಾಲ್ವರೂ ಬಂದರು. ಸರೋಜಮ್ಮ ಎಲ್ಲರಿಗಿಂತ ದಪ್ಪಗಿದ್ದವನನ್ನು ನೋಡಿ, "ಬನ್ನಿ ಬೆಟ್ಟಯ್ಯ, ಕೂತ್ಕೊಳ್ಳಿ" ಎಂದರು.
>
> "ಬೆಟ್ಟಯ್ಯ ಆಗಲೇ ಬೀರು ನೋಡೋಕೆ ಹೋದ್ರಮ್ಮ."
>
> ಸರೋಜಮ್ಮ ಕೋಣೆಗೆ ಹೋದರು. ಅಲ್ಲಿ ಯಾರೂ ಇರಲಿಲ್ಲ. ಬೀರುವಿಗೂ ಗೋಡೆಗೂ ನಡುವಿನ ಸಂದಿಯಿಂದ ಮಾತು ಕೇಳಿಸಿತು.
>
> "ಇದಕ್ಕೆ ಹಿಂದುಗಡೆ ನಾಲ್ಕು ಬೋಲ್ಟ್ ಇದೆ ಅಮ್ಮ. ಗೋಡೆಗೆ ಬಿಗಿದಿದ್ದಾರೆ. ಹೆಂಗೆ ಅಲ್ಲಾಡುತ್ತೆ? ಪಾನಾ ಕೊಡ್ರೋ ಯಾರಾದ್ರೂ."
>
> ಅರ್ಧ ಗಂಟೆಯಲ್ಲಿ ಬೀರು ಲಾರಿ ಸೇರಿತು. ಬೆಟ್ಟಯ್ಯನವರು ತೇಗದ ಕುರ್ಚಿಯಲ್ಲಿ ಕುಳಿತು ನೀರು ಕುಡಿದರು. ಕಾಲು ನೆಲಕ್ಕೆ ತಾಗಲಿಲ್ಲ.

ಇಡೀ ದೃಶ್ಯದಲ್ಲಿ "ಕುಳ್ಳ" ಎಂಬ ಪದ ಇಲ್ಲ. ಅಳತೆಯೂ ಇಲ್ಲ. ಅವನ ಗಾತ್ರವನ್ನು ಎರಡು ಕಡೆ ಮಾತ್ರ, ಅದೂ ವಸ್ತುಗಳ ಮೂಲಕ ಹೇಳಿದ್ದೇವೆ. ಒಂದು ಗೋಡೆಯ ಸಂದಿ, ಇನ್ನೊಂದು ಕುರ್ಚಿ. ಸಂದಿಯಿಂದ ಮಾತು ಬಂದಾಗ ಓದುವವರಿಗೆ ಅನುಮಾನ ಬರುತ್ತದೆ, ಕುರ್ಚಿಯಲ್ಲಿ ಅದು ಖಚಿತವಾಗುತ್ತದೆ. ಆ ನಡುವಿನ ಸಾಲುಗಳಲ್ಲಿ ಅವರು ಲೆಕ್ಕ ಹಾಕುತ್ತಿರುತ್ತಾರೆ.

ತಂಡದ ಜೊತೆಗಾರನ ಉತ್ತರವನ್ನೂ ನೋಡಿ. ಅವನಿಗೆ ಈ ಹೆಸರಿನಲ್ಲಿ ಏನೂ ವಿಶೇಷವಿಲ್ಲ. ಯಜಮಾನನೂ ಫೋನಿನಲ್ಲಿ ಮೋಸ ಮಾಡಲಿಲ್ಲ. ಬೆಟ್ಟಯ್ಯ ಬಂದರೆ ಬೀರು ಇಳಿಯುತ್ತದೆ ಎಂದು ಅವನಿಗೆ ನಿಜವಾಗಿಯೂ ಗೊತ್ತು. ಅವನು ಹೇಳಿದ ಒಂದು ಮಾತೂ ಸುಳ್ಳಲ್ಲ. ಅಪಾರ್ಥ ಪೂರ್ತಿ ಕೇಳಿದವರ ಕಡೆಯದು. ನಗೆ ಬೆಟ್ಟಯ್ಯನ ದೇಹದ ಮೇಲೆ ಬೀಳದೆ ಸರೋಜಮ್ಮನ, ಜೊತೆಗೆ ನಮ್ಮ, ಊಹೆಯ ಮೇಲೆ ಬೀಳುವುದು ಈ ಕಾರಣಕ್ಕೆ. ಕುಳ್ಳರನ್ನು ಆಡಿಕೊಳ್ಳದೆ ಕುಳ್ಳನ ಬಗ್ಗೆ ನಗೆಕತೆ ಬರೆಯಲು ನನಗೆ ತಿಳಿದ ಅತಿ ಭದ್ರವಾದ ದಾರಿ ಇದು. ನೀವು ಬರೆದದ್ದು ಆ ದಾರಿಯಲ್ಲಿದೆಯೇ ಎಂದು ತಿಳಿಯಲು ಹೀಗೆ ಕೇಳಿಕೊಳ್ಳಿ: ಈ ಪುಟದಲ್ಲಿ ತಪ್ಪು ತಿಳಿದುಕೊಂಡವರು ಯಾರು? ಉತ್ತರದಲ್ಲಿ ಒಬ್ಬರ ಹೆಸರು ಸಿಗಬೇಕು. ಯಾರೂ ಸಿಗದಿದ್ದರೆ ಎತ್ತರ ಒಂದನ್ನೇ ಇಟ್ಟುಕೊಂಡು ನಗಿಸಲು ಹೊರಟಿದ್ದೀರಿ.

ಐದನೇ ಹೆಜ್ಜೆ: ವಾಕ್ಯದಲ್ಲಿ ಹೆಸರು ಎಲ್ಲಿ ಬೀಳಬೇಕು

ಕನ್ನಡ ವಾಕ್ಯದ ಕಟ್ಟು ಈ ತಮಾಷೆಗೆ ಹೇಳಿಮಾಡಿಸಿದಂತಿದೆ. ಏನು ಮಾಡಿದ ಎಂಬುದನ್ನೆಲ್ಲ ಮೊದಲು ಹೇಳಿ, ಹೆಸರನ್ನು ಹಿಂದಕ್ಕೆ ತಳ್ಳಬಹುದು. "ಬೆಟ್ಟಯ್ಯ ಸ್ಟೂಲಿನ ಮೇಲೆ ಹತ್ತಿ ದೀಪದ ಸ್ವಿಚ್ ಹಾಕಿದ" ಎಂದರೆ ಹೆಸರು ಮುಂದೆಯೇ ಬಂದು ತಣ್ಣಗಾಗುತ್ತದೆ. "ಸ್ಟೂಲಿನ ಮೇಲೆ ಹತ್ತಿ ದೀಪದ ಸ್ವಿಚ್ ಹಾಕಿದವನು ಬೆಟ್ಟಯ್ಯ" ಎಂದರೆ ಆಕಾರ ಮೊದಲು ಕಣ್ಣಿಗೆ ಕಟ್ಟಿ, ಹೆಸರು ಅದರ ಮೇಲೆ ಬಂದು ಬೀಳುತ್ತದೆ. ಮೊದಲ ಪ್ರವೇಶದಲ್ಲಿ ಇದನ್ನು ಬಳಸಿ. ಪ್ರತಿ ಪುಟದಲ್ಲೂ ಬಳಸಿದರೆ ಅದೊಂದು ಚಾಳಿಯಾಗುತ್ತದೆ.

ಇನ್ನೊಂದು ಅನುಕೂಲವೂ ಇದೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಪುಟಗಟ್ಟಲೆ ಬರೆಯಬಹುದು. "ಬಂದ, ಕೂತ, ನೀರು ಕೇಳಿದ" ಎಂದರೆ ಸಾಕು, ಯಾರೆಂದು ತಿಳಿಯುತ್ತದೆ. ಹಾಗಾಗಿ ಹೆಸರನ್ನು ಬೇಕಾದಲ್ಲಿ ಮಾತ್ರ ಖರ್ಚುಮಾಡಿ. ಒಂದು ದೃಶ್ಯಕ್ಕೆ ನಗಿಸುವ ಸಲುವಾಗಿ ಒಂದೇ ಸಲ, ಹೆಚ್ಚೆಂದರೆ ಎರಡು ಸಲ. ಉಳಿದ ಕಡೆ "ಅವನು" ಎನ್ನಿ, ಅಥವಾ ಏನೂ ಅನ್ನಬೇಡಿ.

ಗೌರವದ ರೂಪವೂ ಒಂದು ಸಾಧನ. ಮೇಲಿನ ದೃಶ್ಯದ ಕೊನೆಯಲ್ಲಿ "ಬೆಟ್ಟಯ್ಯನವರು ಕುಳಿತು ನೀರು ಕುಡಿದರು" ಎಂದು ಬರೆದೆ. ಬೀರು ಇಳಿದ ಮೇಲೆ ಸರೋಜಮ್ಮನ ಮನಸ್ಸಿನಲ್ಲಿ ಅವನು ಏರಿದ್ದಾನೆ, ಆ ಏರಿಕೆ ಕ್ರಿಯಾಪದದಲ್ಲಿ ಕಾಣುತ್ತದೆ. ಆಮೇಲೆ ಬರುವ ಕಾಲಿನ ಸಾಲು ಅದಕ್ಕೆ ತಾಗಿ ನಗು ಹುಟ್ಟುತ್ತದೆ. ಆದರೆ ಬಹುವಚನ ಕೊಡಲು ಕತೆಯಲ್ಲಿ ಒಂದು ಕಾರಣ ಇರಲೇಬೇಕು. ಸುಮ್ನೆ ಕೊಟ್ಟರೆ ಅಣಕಿಸಿದಂತೆ ಕೇಳಿಸುತ್ತದೆ. ನಾನು ಅಲ್ಲಿಯವರೆಗೆ ಬಹುವಚನವನ್ನು ಜೊತೆಗಾರನ, ಸರೋಜಮ್ಮನ ಬಾಯಲ್ಲಿ ಬಿಟ್ಟೆ. ನಿರೂಪಣೆಗೆ ತಂದದ್ದು ಕೆಲಸ ಮುಗಿದ ಮೇಲೆ.

ಆಶ್ಚರ್ಯಚಿಹ್ನೆ, "ಹೆಸರಿಗೆ ತಕ್ಕಂತೆ" ಎಂಬ ಮಾತು, "ಹೆಸರಿಗೆ ಮಾತ್ರ ಬೆಟ್ಟಯ್ಯ" ಎಂಬ ಮಾತು, ಹೆಸರಿನ ಸುತ್ತ ಉದ್ಧರಣ ಚಿಹ್ನೆ. ಇವುಗಳಲ್ಲಿ ಯಾವುದು ಕಂಡರೂ ಹೊಡೆದುಹಾಕಿ.

ಆರನೇ ಹೆಜ್ಜೆ: ಎರಡನೇ ನಗೆ ಎಲ್ಲಿಂದ ತರುವುದು

ಸರೋಜಮ್ಮನ ಮನೆಯ ದೃಶ್ಯವನ್ನು ಇನ್ನೊಂದು ಮನೆಯಲ್ಲಿ ಹಾಗೆಯೇ ಮಾಡಿದರೆ ನಡೆಯುವುದಿಲ್ಲ. ಓದುವವರಿಗೆ ಬೆಟ್ಟಯ್ಯನ ಎತ್ತರ ಈಗ ಗೊತ್ತು. ಅದೇ ನಿಮ್ಮ ಹೊಸ ಬಂಡವಾಳ. ಮೊದಲ ಸಲ ಓದುವವರಿಗೂ ಸರೋಜಮ್ಮನಿಗೂ ಒಟ್ಟಿಗೆ ಅಚ್ಚರಿಯಾಯಿತು. ಎರಡನೇ ಸಲ ಓದುವವರು ಮುಂಚೆಯೇ ತಿಳಿದು ಕಾಯುತ್ತಿರುತ್ತಾರೆ. ಹಾಗಾಗಿ ಎರಡನೇ ಮನೆಯಲ್ಲಿ ಸಿದ್ಧತೆಯನ್ನು ಹಿಗ್ಗಿಸಿ, ಬೆಟ್ಟಯ್ಯನ ಪ್ರವೇಶವನ್ನು ಒಂದು ಸಾಲಿಗೆ ಇಳಿಸಿ. ಗಿರಾಕಿ ಬಾಗಿಲ ಚೌಕಟ್ಟಿನ ಅಗಲ ಅಳೆಯಲಿ, ಲಿಫ್ಟಿನೊಳಗೆ ಬರೆದ ತೂಕದ ಮಿತಿಯನ್ನು ಕನ್ನಡಕ ಹಾಕಿಕೊಂಡು ಓದಲಿ. ಅಳತೆ ಟೇಪು ಹೊರಗೆ ಬಂದ ಕ್ಷಣದಲ್ಲೇ ಓದುವವರು ನಕ್ಕಿರುತ್ತಾರೆ. ಬೆಟ್ಟಯ್ಯ ಬಂದು ಕೆಲಸ ಶುರುಮಾಡಿದರೆ ಸಾಕು.

ಮೂರನೇ ಸಲಕ್ಕೆ ಅದೂ ಸಾಲದು. ಆಗ ಹೆಸರನ್ನೇ ಅಲುಗಾಡಿಸಬೇಕು. ಇಲ್ಲಿ ಬಹುಪಾಲು ಬರಹಗಾರರು ಹಿಡಿಯುವ ದಾರಿ ಒಂದಿದೆ: ಕೊನೆಗೆ ಕುಳ್ಳ ಯಾವುದೋ ಸಾಹಸ ಮಾಡಿ, ದೇಹ ಚಿಕ್ಕದಾದರೂ ಮನಸ್ಸು ಬೆಟ್ಟದಷ್ಟು ಎಂದು ಎಲ್ಲರೂ ಒಪ್ಪುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಹೆಸರೂ ಆಳೂ ಹೊಂದಿಕೊಂಡು ವಿರೋಧವೇ ಮಾಯವಾಗುತ್ತದೆ. ನಗೆಕತೆ ಅಲ್ಲಿಗೆ ನಿಂತು ಭಾಷಣ ಶುರುವಾಗುತ್ತದೆ. ಅವನು ಕುಳ್ಳನಾಗಿರುವುದು ಒಂದು ಕೊರತೆ, ಅದನ್ನು ಮನಸ್ಸಿನಿಂದ ತುಂಬಬೇಕು ಎಂದೂ ಹೇಳಿದಂತಾಗುತ್ತದೆ. ಬೀರುವಿನ ದೃಶ್ಯದಲ್ಲಿ ಅವನ ಗಾತ್ರವೇ ಕೆಲಸಕ್ಕೆ ಬಂತು. ಅದನ್ನು ಯಾರೂ ಹೊಗಳಲಿಲ್ಲ.

ಅದಕ್ಕಿಂತ ಒಳ್ಳೆಯದು, ವಿರೋಧವನ್ನು ಇನ್ನೊಬ್ಬರಿಗೆ ಹರಡುವುದು. ತಂಡಕ್ಕೆ ಹೊಸಬನೊಬ್ಬ ಸೇರುತ್ತಾನೆ ಎಂದುಕೊಳ್ಳಿ. ಆರು ಅಡಿ ಮೂರು ಇಂಚು, ಬಾಗಿಲು ತುಂಬುವ ಆಳು. ಅವನ ಹೆಸರೂ ಬೆಟ್ಟಯ್ಯ. ಹಾಜರಿ ಪುಸ್ತಕದಲ್ಲಿ ಗುರುತಿಗೆ ಏನಾದರೂ ಬೇಕಲ್ಲ? ಯಜಮಾನ ಎರಡು ಸಲ ಯೋಚಿಸದೆ ಬರೆಯುತ್ತಾನೆ.

> ದೊಡ್ಡ ಬೆಟ್ಟಯ್ಯ — ಹಾಜರ್.
> ಚಿಕ್ಕ ಬೆಟ್ಟಯ್ಯ — ಹಾಜರ್.

ಹಳಬ ದೊಡ್ಡವನು, ಹೊಸಬ ಚಿಕ್ಕವನು. ತಂಡದಲ್ಲಿ ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ. ಮನೆಯಲ್ಲಿ ದೊಡ್ಡಣ್ಣ, ಚಿಕ್ಕಣ್ಣ ಎಂದು ಕರೆಯುವಾಗ ಯಾರಾದರೂ ಎತ್ತರ ಅಳೆಯುತ್ತಾರೆಯೇ? ಕತೆಯೊಳಗಿನ ಯಾರಿಗೂ ಇದು ತಮಾಷೆಯಲ್ಲ, ಯಾರೂ ತಮಾಷೆ ಮಾಡಲೂ ಇಲ್ಲ. ಆದರೆ ಇನ್ನು ಮುಂದೆ ಫೋನಿನಲ್ಲಿ "ದೊಡ್ಡ ಬೆಟ್ಟಯ್ಯನ್ನೇ ಕಳಿಸ್ತೀನಿ, ಚಿಕ್ಕವನಿಗೆ ಇನ್ನೂ ಅಷ್ಟು ಸಾಮರ್ಥ್ಯ ಸಾಲದು" ಎಂಬ ಮಾತು ಸಹಜವಾಗಿ ಬರುತ್ತದೆ. ಗಿರಾಕಿಯ ತಪ್ಪು ತಿಳುವಳಿಕೆ ದುಪ್ಪಟ್ಟಾಗುತ್ತದೆ. ಬೆಟ್ಟಯ್ಯನಿಗೆ ತೊಟ್ಟಿಲ ಹೆಸರೇ ಇರಲಿ ಎಂದದ್ದು ಇದಕ್ಕೇ. ಅಡ್ಡಹೆಸರಾಗಿದ್ದರೆ ದೈತ್ಯನಿಗೂ ಅದೇ ಹೆಸರು ಬರುವುದಕ್ಕೆ ಕಾರಣ ಹುಡುಕಬೇಕಿತ್ತು. ಬಳಕೆಯಲ್ಲಿರುವ ಹೆಸರಾದ್ದರಿಂದ ಇಬ್ಬರಿಗೆ ಇರುವುದು ದೊಡ್ಡ ವಿಷಯವಲ್ಲ.

ಮೂರನೇ ತಿರುವು ಹುಡುಕುವಾಗ ಹೀಗೆ ಯೋಚಿಸಿ: ಈ ಹೆಸರಿನ ವಿಚಿತ್ರವನ್ನು ಮರೆತಿರುವ ಜನ, ಆ ಮರೆವಿನಿಂದಾಗಿ ಮುಂದೆ ಏನು ಮಾಡುತ್ತಾರೆ? ಅಂಗಿ ಹೊಲಿಸುವಾಗ ದರ್ಜಿಗೆ ಹೆಸರು ಮಾತ್ರ ಕಳಿಸುತ್ತಾರೆಯೇ? ಇಬ್ಬರ ಸಾಮಾನಿನ ಚೀಲ ಅದಲುಬದಲಾಗುತ್ತದೆಯೇ? ಹೊಸ ನಗೆ ಆ ಕಡೆಯಿಂದಲೇ ಬರುತ್ತದೆ. ಎತ್ತರದ ಬಗ್ಗೆ ಹೊಸ ಉಪಮೆ ಹುಡುಕುವುದರಿಂದ ಬರುವುದಿಲ್ಲ.

ಏಳನೇ ಹೆಜ್ಜೆ: ತಿದ್ದುವಾಗ ಮಾಡಬೇಕಾದ ಪರೀಕ್ಷೆ

ಕರಡು ಮುಗಿದ ಮೇಲೆ ಅದರ ಒಂದು ಪ್ರತಿ ತೆಗೆದು, ಬೆಟ್ಟಯ್ಯ ಎಂದಿರುವ ಕಡೆಯೆಲ್ಲ ರಾಮು ಎಂದು ಬದಲಿಸಿ ಓದಿ. ಮೂರು ತರಹದ ಜಾಗಗಳು ಸಿಗುತ್ತವೆ.

ಕೆಲವು ಕಡೆ ದೃಶ್ಯ ಕುಸಿಯುತ್ತದೆ. ರಾಮು ಬರುತ್ತಾನೆ ಎಂದರೆ ಸರೋಜಮ್ಮ ಕುರ್ಚಿ ಬದಲಿಸುವುದಿಲ್ಲ. ಅಲ್ಲಿ ಹೆಸರು ಕತೆಯನ್ನು ನಡೆಸುತ್ತಿದೆ. ಆ ಜಾಗವನ್ನು ಮುಟ್ಟಬೇಡಿ. ಕೆಲವು ಕಡೆ ಏನೂ ಬದಲಾಗುವುದಿಲ್ಲ. ಅಲ್ಲಿ ಹೆಸರು ಬರೀ ಗುರುತಿಗೆ ಇದೆ. ಹಾಗಿದ್ದರೂ ತೊಂದರೆಯಿಲ್ಲ, ಆದರೆ ಸಾಧ್ಯವಾದರೆ "ಅವನು" ಎಂದು ಮಾಡಿ ಹೆಸರನ್ನು ಉಳಿಸಿ. ಮೂರನೆಯದು ಅಪಾಯದ ಜಾಗ: ದೃಶ್ಯ ಕುಸಿಯುವುದಿಲ್ಲ, ಆದರೆ ಒಂದು ವಾಕ್ಯ ಮಾತ್ರ ಅರ್ಥ ಕಳೆದುಕೊಳ್ಳುತ್ತದೆ. "ಬೆಟ್ಟಯ್ಯ ಬೆಟ್ಟದಂತೆ ನಿಂತ" ಎಂಬಂಥ ವಾಕ್ಯ ಅದು. ಅದು ಕತೆಗೆ ಬೇಕಾಗಿರಲಿಲ್ಲ, ನಿಮಗೆ ಬೇಕಾಗಿತ್ತು. ತೆಗೆಯಿರಿ.

ಈ ಪರೀಕ್ಷೆ ಇನ್ನೊಂದು ವಿಷಯವನ್ನೂ ಬಯಲಿಗೆಳೆಯುತ್ತದೆ. ರಾಮು ಎಂದು ಓದುವಾಗ ಅವನು ಯಾರು, ಏನು ಬಯಸುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ ಎಂದು ಹೇಳಲು ಬರುತ್ತದೆಯೇ? ಬರದಿದ್ದರೆ ನಿಮ್ಮ ಹತ್ತಿರ ಇದ್ದದ್ದು ಹೆಸರು ಒಂದೇ, ಪಾತ್ರ ಇರಲಿಲ್ಲ. ಬೋಲ್ಟ್ ಮೊದಲು ನೋಡುವ ಅಭ್ಯಾಸ, ಭಾರ ಎತ್ತುವ ಮುಂಚೆ ಸುತ್ತಲೂ ತಿರುಗಿ ಬರುವ ತಾಳ್ಮೆ, ಅವಸರ ಮಾಡುವವರ ಮೇಲೆ ರೇಗುವುದು. ಇಂಥದ್ದೇನಾದರೂ ಅವನದೇ ಆಗಿರಬೇಕು. ಆ ಗುಣಕ್ಕೂ ಅವನ ಎತ್ತರಕ್ಕೂ ಸಂಬಂಧ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಇನ್ನು ಗಂಭೀರ ಘಳಿಗೆಯ ಮಾತು. ಬೆಟ್ಟಯ್ಯ ಮೆಟ್ಟಿಲಿಂದ ಬಿದ್ದು ಆಸ್ಪತ್ರೆ ಸೇರುವ ದೃಶ್ಯ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಹೆಸರು ಜೋರಾಗಿದ್ದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಘಟೋತ್ಕಚ ನೋವಿನಿಂದ ನರಳಿದ ಎಂದು ಓದಿ ಯಾರೂ ಮರುಗಲಾರರು. ಮೆತ್ತಗಿನ ಹೆಸರಾದರೆ ಈ ಹೊತ್ತಿಗೆ ಅದು ಒಬ್ಬ ಪರಿಚಿತನ ಹೆಸರಾಗಿರುತ್ತದೆ, ಹಾಗಾಗಿ ಏನೂ ತೊಡಕಾಗುವುದಿಲ್ಲ. ಕತೆಯಲ್ಲಿ ಇಂಥ ಘಳಿಗೆ ಬರುವುದಿದೆ ಎಂದು ಮೊದಲೇ ಗೊತ್ತಿದ್ದರೆ ಹೆಸರು ಆರಿಸುವಾಗಲೇ ಆ ಒಂದು ವಾಕ್ಯವನ್ನು ಬರೆದು, ಗಟ್ಟಿಯಾಗಿ ಓದಿ ನೋಡಿ.

ಕೊನೆಯ ಸಾಲಿನಲ್ಲಿ ಹೆಸರನ್ನು ಇಡಬೇಡಿ. ಮುಕ್ತಾಯಕ್ಕೆ ಬಂದಾಗ ಹೆಸರಿನ ತಮಾಷೆಯನ್ನು ಮತ್ತೊಮ್ಮೆ ಬಾರಿಸಿ ಮುಗಿಸೋಣ ಎಂಬ ಆಸೆ ಬರುತ್ತದೆ. ಆದರೆ ಓದುವವರು ಅದನ್ನು ದೂರದಿಂದಲೇ ಕಂಡಿರುತ್ತಾರೆ. ಹಾಜರಿ ಪುಸ್ತಕದ ತಿರುವು ನಿಮ್ಮ ಕೊನೆಯ ದೊಡ್ಡ ನಗೆಯಾಗಿದ್ದರೆ, ಅದಾದ ಮೇಲೆ ಕಡಿಮೆಯೆಂದರೆ ಒಂದು ಪುಟವಾದರೂ ಬೇರೆ ವಿಷಯಕ್ಕೆ ಬಿಡಿ: ಲಾರಿ ಹೊರಡಲಿ, ಕೂಲಿ ಲೆಕ್ಕವಾಗಲಿ, ಇಬ್ಬರು ಬೆಟ್ಟಯ್ಯಂದಿರೂ ಹಗ್ಗ ಸುತ್ತಿ ಇಡುತ್ತಾ ನಾಳೆಯ ಕೆಲಸದ ಮಾತಾಡಲಿ.